38 ಕಿಮೀಗೆ 54 ಪರ್ಸೆಂಟ್: ಅಕ್ಕನ ಸ್ಕೂಟರ್ ಬ್ಯಾಟರಿಗೆ ನಿಜವಾಗಿ ಎಷ್ಟು ವಯಸ್ಸಾಗಿತ್ತು?

ಅಕ್ಕನ ಎಲೆಕ್ಟ್ರಿಕ್ ಸ್ಕೂಟರ್‌ಗೆ ಮೂರು ವರ್ಷ ತುಂಬಿತು. ಓಡಿರುವುದು ಸುಮಾರು 30,000 ಕಿಮೀ. ಆಫೀಸಿಗೆ ಹೋಗಿ ಬರಲು ದಿನಕ್ಕೆ 38 ಕಿಮೀ, ಎಲ್ಲವೂ ಸಿಟಿಯೊಳಗೆ. ಹೊಸದರಲ್ಲಿ ಸಂಜೆ ಮನೆಗೆ ಬಂದಾಗ ಮೀಟರ್‌ನಲ್ಲಿ 62 ಪರ್ಸೆಂಟ್ ಉಳಿದಿರುತ್ತಿತ್ತು. ಈಗ ಅದೇ ದಾರಿ, ಅದೇ ಸವಾರಿ, ಉಳಿಯುವುದು 46. ಅಂದರೆ 38 ಪರ್ಸೆಂಟ್‌ನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ 54 ಬೇಕಾಗುತ್ತಿದೆ.

ಸರ್ವಿಸ್‌ಗೆ ಬಿಟ್ಟಾಗ ಅಲ್ಲಿನವರು ಒಂದೇ ಮಾತಿನಲ್ಲಿ ಮುಗಿಸಿದರು. "ಬ್ಯಾಟರಿ ವೀಕ್ ಆಗಿದೆ ಮೇಡಂ, ಮೂರು ವರ್ಷ ಆಯ್ತಲ್ವಾ, ಬದಲಾಯಿಸಬೇಕಾಗುತ್ತೆ." ಅಕ್ಕ ಲೆಕ್ಕದಲ್ಲಿ ಚುರುಕು. ಮೊದಲು ನೂರು ಕಿಮೀ ಓಡುತ್ತಿತ್ತು, ಈಗ ಎಪ್ಪತ್ತು, ಹಾಗಾದರೆ ಬ್ಯಾಟರಿ ಮೂವತ್ತು ಪರ್ಸೆಂಟ್ ಸತ್ತಿದೆ ಅಂತ ತೀರ್ಮಾನಿಸಿ ನನಗೆ ಫೋನ್ ಮಾಡಿದಳು. "ಬದಲಾಯಿಸೋದಾ, ಸ್ಕೂಟರೇ ಮಾರೋದಾ, ನೀನೇ ಹೇಳು."

ನನಗೆ ಅನುಮಾನ ಬಂದದ್ದು ಆ ತೀರ್ಮಾನದ ಮೇಲೆ. ರೇಂಜ್ ಅನ್ನುವುದು ಒಂದೇ ಸಂಖ್ಯೆಯಲ್ಲ. ಬ್ಯಾಟರಿಯೊಳಗೆ ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನುವುದನ್ನು, ಒಂದು ಕಿಮೀಗೆ ಎಷ್ಟು ತಿನ್ನುತ್ತದೆ ಅನ್ನುವುದರಿಂದ ಭಾಗಿಸಿದರೆ ಸಿಗುವುದೇ ರೇಂಜ್. ಮೇಲಿನದು ಕಮ್ಮಿಯಾದರೂ ರೇಂಜ್ ಇಳಿಯುತ್ತದೆ, ಕೆಳಗಿನದು ಜಾಸ್ತಿಯಾದರೂ ಇಳಿಯುತ್ತದೆ. ಸ್ಕೂಟರ್‌ನ ಪರ್ಸೆಂಟ್ ನೋಡಿಕೊಂಡು ಎರಡನ್ನೂ ಬೇರೆ ಮಾಡಲು ಆಗುವುದೇ ಇಲ್ಲ. ಪಾತ್ರೆ ಚಿಕ್ಕದಾಗಿದೆಯೋ, ತಳ ಸೋರುತ್ತಿದೆಯೋ ಅಂತ ಪಾತ್ರೆಯ ಗೆರೆ ನೋಡಿ ಹೇಳಲಾಗದು. ಹೊರಗಿನಿಂದ ಎಷ್ಟು ಸುರಿದೆವು ಅಂತ ಅಳೆಯಬೇಕು.

ಹಾಗಾಗಿ ಮೊದಲು ಮಾಡಿದ್ದು ಇಷ್ಟೇ. ಸಾಕೆಟ್‌ಗೂ ಚಾರ್ಜರ್‌ಗೂ ನಡುವೆ ಹಾಕುವ ಚಿಕ್ಕ ಪ್ಲಗ್ ಮೀಟರ್ ಬರುತ್ತದಲ್ಲ, ಎಷ್ಟು ಯೂನಿಟ್ ಹೋಯಿತು ಅಂತ ತೋರಿಸುವಂಥದ್ದು, ಅದೊಂದನ್ನು ತಂದು ಹಾಕಿದೆವು. ಚಾರ್ಜರ್ ಎಳೆಯುವ ಆಂಪಿಯರ್ ತಡೆಯುವಂಥದ್ದನ್ನೇ ತರಬೇಕು, ಇಲ್ಲದಿದ್ದರೆ ಪ್ಲಗ್ ಬಿಸಿಯಾಗಿ ಕರಗುವ ಅಪಾಯವಿದೆ. ಅಕ್ಕನಿಗೆ ಒಂದು ಪುಟ್ಟ ಡೈರಿ ಕೊಟ್ಟೆ. ದಿನಾ ಮೂರು ಅಂಕಿ ಬರೆಯಬೇಕು: ಎಷ್ಟು ಕಿಮೀ ಓಡಿತು, ಚಾರ್ಜ್‌ಗೆ ಹಾಕುವಾಗ ಎಷ್ಟು ಪರ್ಸೆಂಟ್ ಇತ್ತು, ನೂರಕ್ಕೆ ಬರುವಷ್ಟರಲ್ಲಿ ಗೋಡೆಯಿಂದ ಎಷ್ಟು ಯೂನಿಟ್ ಬಂತು.

ಒಂದು ದಿನದ ಅಂಕಿ ನಂಬಬಾರದು. ಪರ್ಸೆಂಟ್ ಅನ್ನುವುದು ಅಳತೆಯಲ್ಲ, ಬ್ಯಾಟರಿಯನ್ನು ನೋಡಿಕೊಳ್ಳುವ ಒಳಗಿನ ಸರ್ಕ್ಯೂಟ್, ಅಂದರೆ ಬಿಎಂಎಸ್, ಹಾಕುವ ಅಂದಾಜು. ಒಂದೆರಡು ಪರ್ಸೆಂಟ್ ಆಚೀಚೆ ಇದ್ದೇ ಇರುತ್ತದೆ, ಅದನ್ನು ಒಂದೇ ದಿನದ ಮೇಲೆ ಹಾಕಿದರೆ ಲೆಕ್ಕವೇ ಜಾರುತ್ತದೆ. ಐದು ದಿನದ ಮೊತ್ತ ತೆಗೆದುಕೊಂಡರೆ ಆ ತಪ್ಪು ತೆಳುವಾಗುತ್ತದೆ. ಐದು ಆಫೀಸ್ ದಿನ ಕಳೆದ ಮೇಲೆ ಡೈರಿಯಲ್ಲಿ ಇದ್ದದ್ದು: 190 ಕಿಮೀ, ಒಟ್ಟು 270 ಪರ್ಸೆಂಟ್, ಗೋಡೆಯಿಂದ 7.25 ಯೂನಿಟ್.

ಈಗ ಒಂದು ಅಡ್ಡಿ ಇದೆ. ಗೋಡೆಯಿಂದ ಹೊರಟದ್ದೆಲ್ಲ ಬ್ಯಾಟರಿಗೆ ಸೇರುವುದಿಲ್ಲ. ಚಾರ್ಜರ್ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ, ಆ ಬಿಸಿ ನೀವು ದುಡ್ಡು ಕೊಟ್ಟ ಕರೆಂಟೇ. ಎಷ್ಟು ಪೋಲಾಗುತ್ತಿದೆ ಅಂತ ತಿಳಿಯಲು ಚಾರ್ಜಿಂಗ್ ನಡುಮಧ್ಯದಲ್ಲಿ, ಅಂದರೆ 60–70 ಪರ್ಸೆಂಟ್ ಇರುವಾಗ, ಎರಡು ಕಡೆ ಒಟ್ಟಿಗೆ ನೋಡಿದೆವು. ಪ್ಲಗ್ ಮೀಟರ್ 660 ವ್ಯಾಟ್ ತೋರಿಸುತ್ತಿತ್ತು, ಸ್ಕೂಟರ್‌ನ ಆ್ಯಪ್ ಬ್ಯಾಟರಿಗೆ 580 ವ್ಯಾಟ್ ಹೋಗುತ್ತಿದೆ ಅನ್ನುತ್ತಿತ್ತು. ಭಾಗಿಸಿದರೆ 0.88. ನೂರು ಎಳೆದರೆ 88 ಒಳಗೆ ಹೋಗುತ್ತದೆ, 12 ಗಾಳಿಗೆ. ಆ್ಯಪ್‌ನಲ್ಲಿ ಇದು ಕಾಣದಿದ್ದರೆ ಚಾರ್ಜರ್ ಮೇಲಿನ ಚೀಟಿಯಲ್ಲಿ ಔಟ್‌ಪುಟ್ ವೋಲ್ಟ್ ಮತ್ತು ಆಂಪಿಯರ್ ಇರುತ್ತದೆ, ಗುಣಿಸಿದರೆ ಅಂದಾಜು ಸಿಗುತ್ತದೆ.

ಇಲ್ಲಿಂದ ಮುಂದೆ ಸ್ಕೂಲ್ ಲೆಕ್ಕ. 7.25 ಯೂನಿಟ್‌ನಲ್ಲಿ ಬ್ಯಾಟರಿಗೆ ಸೇರಿದ್ದು 6.38. ಅದು 270 ಪರ್ಸೆಂಟ್ ತುಂಬಿಸಿತು, ಹಾಗಾದರೆ ನೂರು ಪರ್ಸೆಂಟ್ ಅಂದರೆ 2.36 ಯೂನಿಟ್. ಈ ಬ್ಯಾಟರಿಯ ಮೇಲೆ ಬರೆದಿರುವುದು 3 ಯೂನಿಟ್, ಆದರೆ ಅಷ್ಟನ್ನೂ ಬಳಸಲು ಬಿಡುವುದಿಲ್ಲ. ಸೆಲ್‌ಗಳು ಹಾಳಾಗದಿರಲಿ ಅಂತ ಮೇಲೆ ಕೆಳಗೆ ಸ್ವಲ್ಪ ಬಿಟ್ಟಿರುತ್ತಾರೆ. ಹೊಸದರಲ್ಲಿ ಬಳಕೆಗೆ ಸಿಗುವುದು 2.7 ಅಂತ ಪುಸ್ತಕದಲ್ಲೇ ಇತ್ತು. ಈ ಬಳಕೆಯ ಅಂಕಿಯ ಜೊತೆಗೇ ಹೋಲಿಸಬೇಕು, 3ರ ಜೊತೆ ಹೋಲಿಸಿದರೆ ಸುಮ್ನೆ ಗಾಬರಿಯಾಗುತ್ತದೆ. 2.7ರಲ್ಲಿ 2.36 ಅಂದರೆ 87.5 ಪರ್ಸೆಂಟ್.

ಬ್ಯಾಟರಿ ಕಳೆದುಕೊಂಡಿರುವುದು ಮೂವತ್ತಲ್ಲ, ಹನ್ನೆರಡೂವರೆ.

ಉಳಿದದ್ದು ಎಲ್ಲಿ ಹೋಯಿತು? 6.38 ಯೂನಿಟ್ ಅಂದರೆ 6,380 ವ್ಯಾಟ್ ಅವರ್, ಅದನ್ನು 190 ಕಿಮೀಗೆ ಹಂಚಿದರೆ ಕಿಮೀಗೆ 33.6 ವ್ಯಾಟ್ ಅವರ್. ಹೊಸದರಲ್ಲಿ 38 ಕಿಮೀಗೆ 38 ಪರ್ಸೆಂಟ್ ಇತ್ತಲ್ಲ, 2.7ರ ಮೇಲೆ ಲೆಕ್ಕ ಹಾಕಿದರೆ ಕಿಮೀಗೆ 27. ಅಂದರೆ ಸ್ಕೂಟರ್ ಮೊದಲಿಗಿಂತ ಕಾಲು ಭಾಗದಷ್ಟು ಜಾಸ್ತಿ ತಿನ್ನುತ್ತಿದೆ. ಬರೀ ಬ್ಯಾಟರಿಗೆ ವಯಸ್ಸಾಗಿದ್ದರೆ ರೇಂಜ್ ನೂರರಿಂದ 87ಕ್ಕೆ ಇಳಿದು ಅಲ್ಲೇ ನಿಲ್ಲಬೇಕಿತ್ತು. 87ರಿಂದ 70ಕ್ಕೆ ಇಳಿಸಿದ್ದು ಬೇರೆ ಏನೋ. ದೊಡ್ಡ ಪಾಲು ಅದರದ್ದೇ.

ಇದನ್ನು ಅಕ್ಕನಿಗೆ ಹೇಳಿದಾಗ ಅವಳು ಕೇಳಿದ ಪ್ರಶ್ನೆ ತುಂಬಾ ಸರಿಯಾಗಿತ್ತು. "ಬ್ಯಾಟರಿಗೆ ವಯಸ್ಸಾದರೆ ಜಾಸ್ತಿ ಕರೆಂಟ್ ತಿನ್ನಲ್ವಾ?" ತಿನ್ನುತ್ತದೆ, ಆದರೆ ಇಷ್ಟಲ್ಲ. ವಯಸ್ಸಾದಂತೆ ಸೆಲ್‌ಗಳ ಒಳಗಿನ ತಡೆ ಏರುತ್ತದೆ, ಹಾಗಾಗಿ ಕರೆಂಟ್ ಹೊರಬರುವಾಗ ಸ್ವಲ್ಪ ಬ್ಯಾಟರಿಯೊಳಗೇ ಬಿಸಿಯಾಗಿ ಹೋಗುತ್ತದೆ. ಸಿಟಿಯ ಮೆಲ್ಲನೆಯ ಓಡಾಟದಲ್ಲಿ ಇದು ನೂರಕ್ಕೆ ಒಂದೆರಡು ಅಷ್ಟೇ. ನೂರಕ್ಕೆ ಇಪ್ಪತ್ತನಾಲ್ಕು ಏರಿದರೆ ಅದು ಬ್ಯಾಟರಿಯ ಕೆಲಸವಲ್ಲ. ಚಿಕ್ಕದಾದ ಪಾತ್ರೆಯನ್ನು ಹೆಚ್ಚು ಸಲ ತುಂಬಿಸಬೇಕಾಗುತ್ತದೆ ನಿಜ, ಆದರೆ ಪ್ರತಿ ಸಲ ಹಿಡಿಯುವುದೂ ಕಮ್ಮಿ, ಒಟ್ಟು ಲೆಕ್ಕ ಅಲ್ಲಿಗಲ್ಲಿಗೆ ಬರುತ್ತದೆ. ವಯಸ್ಸು ಇಳಿಸುವುದು ರೇಂಜನ್ನು. ಕರೆಂಟ್ ಬಿಲ್ ಏರುತ್ತಿದ್ದರೆ ಬ್ಯಾಟರಿ ಬಿಟ್ಟು ಗಾಡಿಯ ಕಡೆ ನೋಡಬೇಕು.

ಗಾಡಿಯ ಕಡೆ ನೋಡಿದೆವು.

ಹಿಂದಿನ ಟೈರ್‌ಗೆ 36 ಪಿಎಸ್‌ಐ ಇರಬೇಕು ಅಂತ ಸ್ಕೂಟರ್ ಮೇಲೇ ಬರೆದಿದೆ, ಇದ್ದದ್ದು 24. ಕಣ್ಣಿಗೆ ಟೈರ್ ತುಂಬಿಕೊಂಡೇ ಕಾಣುತ್ತಿತ್ತು, ಬೆರಳಲ್ಲಿ ಒತ್ತಿದರೂ ಗೊತ್ತಾಗುತ್ತಿರಲಿಲ್ಲ, ಗೇಜ್ ಹಾಕಿದ ಮೇಲೇ ತಿಳಿದದ್ದು. ಪೆಟ್ರೋಲ್ ಗಾಡಿ ಇದ್ದಾಗ ಬಂಕ್‌ಗೆ ಹೋದಾಗಲೆಲ್ಲ ಗಾಳಿಯೂ ಹಾಕಿಸಿಕೊಂಡು ಬರುತ್ತಿದ್ದೆವು. ಎಲೆಕ್ಟ್ರಿಕ್ ಬಂದ ಮೇಲೆ ಬಂಕ್ ಕಡೆಗೆ ಹೋಗುವುದೇ ನಿಂತಿತು, ಅದರ ಜೊತೆಗೆ ಗಾಳಿಯೂ. ಇದು ಎಷ್ಟು ಮನೆಗಳಲ್ಲಿ ಆಗಿದೆಯೋ!

ಇನ್ನೊಂದು ಸಿಕ್ಕಿದ್ದು ಮುಂದಿನ ಚಕ್ರದಲ್ಲಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನಿಂದ ಒಬ್ಬರು ಒತ್ತಿ ಹಿಡಿದು, ಮುಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದೆ. ಚೆನ್ನಾಗಿರುವ ಚಕ್ರ ನಾಲ್ಕೈದು ಸುತ್ತು ತಾನಾಗೇ ತಿರುಗಿ ನಿಧಾನಕ್ಕೆ ನಿಲ್ಲುತ್ತದೆ. ಇದು ಒಂದು ಸುತ್ತೂ ಪೂರ್ತಿಯಾಗದೆ ನಿಂತಿತು, ಜೊತೆಗೆ ಸರ್ ಸರ್ ಅಂತ ಸದ್ದು. ಡಿಸ್ಕ್ ಬ್ರೇಕ್‌ನ ಕ್ಯಾಲಿಪರ್‌ನಲ್ಲಿ ಧೂಳು ಕೂತು ಪ್ಯಾಡ್ ಪೂರ್ತಿ ಹಿಂದಕ್ಕೆ ಹೋಗುತ್ತಿರಲಿಲ್ಲ. ಬ್ರೇಕ್ ಬಿಟ್ಟ ಮೇಲೂ ಅದು ಡಿಸ್ಕನ್ನು ಸವರಿಕೊಂಡೇ ಇತ್ತು. ಸ್ವಲ್ಪ ದೂರ ಓಡಿಸಿಕೊಂಡು ಬಂದು ನಿಲ್ಲಿಸಿ ಡಿಸ್ಕ್ ಹತ್ತಿರ ಕೈ ಹಿಡಿದರೆ ಝಳ ಹೊಡೆಯುತ್ತಿತ್ತು. ಮುಟ್ಟಬೇಡಿ, ಸುಡುತ್ತದೆ, ಹತ್ತಿರ ಹಿಡಿದರೆ ಸಾಕು.

ಇಷ್ಟು ಚಿಕ್ಕ ಉಜ್ಜುವಿಕೆಗೆ ಅಷ್ಟೊಂದು ಕರೆಂಟ್ ಹೋಗುತ್ತದಾ ಅಂತ ಅನ್ನಿಸಬಹುದು. ಚಕ್ರದ ಅಂಚಿನಲ್ಲಿ ನೂರು ಗ್ರಾಂ ತೂಕದಷ್ಟು ಎಳೆತ ಹೆಚ್ಚಾದರೆ ಕಿಮೀಗೆ ಸುಮಾರು 0.27 ವ್ಯಾಟ್ ಅವರ್ ಜಾಸ್ತಿ ಬೇಕು. ಮೋಟರ್ ಮತ್ತು ಕಂಟ್ರೋಲರ್‌ನ ನಷ್ಟ ಸೇರಿಸಿದರೆ 0.35 ಅಂದುಕೊಳ್ಳಿ. ಗಾಳಿಯಿಲ್ಲದ ಟೈರ್ ಮತ್ತು ಬಿಗಿದ ಬ್ರೇಕ್ ಎರಡೂ ಸೇರಿ ಒಂದೂವರೆ ಕೆಜಿ ಎಳೆತ ಕೂಡಿಸಿದರೆ ಐದು ವ್ಯಾಟ್ ಅವರ್ ಹೋಯಿತು. ಪೆಟ್ರೋಲ್ ಗಾಡಿಯಲ್ಲೂ ಇದೇ ನಷ್ಟ ಇರುತ್ತದೆ, ಆದರೆ ಅಲ್ಲಿ ಇಂಜಿನ್‌ನ ಬಿಸಿಯಲ್ಲೇ ಬಹುಪಾಲು ಕಳೆದುಹೋಗುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಎಲೆಕ್ಟ್ರಿಕ್‌ನಲ್ಲಿ ಪೋಲು ಕಮ್ಮಿ, ಹಾಗಾಗಿ ಒಂದು ಸಣ್ಣ ತಪ್ಪೂ ರೇಂಜ್‌ನಲ್ಲಿ ನೇರವಾಗಿ ಕಾಣಿಸುತ್ತದೆ.

ವೇಗದ ಮಾತು ಇಲ್ಲಿ ಬರಲಿಲ್ಲ, ಏಕೆಂದರೆ ಅಕ್ಕನ ಓಡಾಟ ಬದಲಾಗಿರಲಿಲ್ಲ. ಆದರೆ ದಾರಿ ಬದಲಾಯಿಸಿದವರು ಮೊದಲು ಅದನ್ನೇ ನೋಡಬೇಕು. ಗಾಳಿಯ ಎದುರು ಹೋಗಲು ಬೇಕಾಗುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 40ರಲ್ಲಿ ಹೋಗುತ್ತಿದ್ದವರು 55ರಲ್ಲಿ ಹೋದರೆ ಆ ಪಾಲು ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ.

ಟೈರ್‌ಗೆ ಗಾಳಿ ಹಾಕಿಸಿ, ಕ್ಯಾಲಿಪರ್ ಬಿಚ್ಚಿಸಿ ಕ್ಲೀನ್ ಮಾಡಿಸಿದೆವು. ಮತ್ತೆ ಐದು ದಿನ ಡೈರಿ. 190 ಕಿಮೀ, 225 ಪರ್ಸೆಂಟ್, ಗೋಡೆಯಿಂದ 6.04 ಯೂನಿಟ್. ಮೊದಲಿನ ಹಾಗೇ 0.88ರಿಂದ ಗುಣಿಸಿ ಭಾಗಿಸಿದರೆ ನೂರು ಪರ್ಸೆಂಟ್‌ಗೆ 2.36 ಯೂನಿಟ್, ಕಿಮೀಗೆ 28 ವ್ಯಾಟ್ ಅವರ್. ನನಗೆ ಇಲ್ಲಿ ಖುಷಿ ಕೊಟ್ಟದ್ದು ಮೊದಲ ಅಂಕಿ. ಗಾಡಿಯ ತಿನ್ನುವಿಕೆ ಅಷ್ಟು ಇಳಿದರೂ ಬ್ಯಾಟರಿಯ ಅಳತೆ ಎರಡೂ ವಾರ ಒಂದೇ ಬಂತು. ಅಳತೆಯ ವಿಧಾನ ಸರಿಯಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ದಿನದ ಬಳಕೆ 54ರಿಂದ 45 ಪರ್ಸೆಂಟ್‌ಗೆ ಬಂತು, ರೇಂಜ್ 70ರಿಂದ 84ಕ್ಕೆ.

ಖರ್ಚಿನ ಲೆಕ್ಕಕ್ಕೆ ಬರೋಣ. ಇಲ್ಲಿ ಜನ ಎರಡು ಕಡೆ ಎಡವುತ್ತಾರೆ. ಒಂದು, ಬ್ಯಾಟರಿಯ ಯೂನಿಟ್ ಹಿಡಿದು ಗುಣಿಸುತ್ತಾರೆ, ಆದರೆ ಬಿಲ್ ಬರುವುದು ಗೋಡೆಯಿಂದ ಎಳೆದದ್ದಕ್ಕೆ. ಎರಡು, ಬಿಲ್‌ನ ಒಟ್ಟು ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿ ಸರಾಸರಿ ದರ ತೆಗೆದುಕೊಳ್ಳುತ್ತಾರೆ. ಬಳಕೆ ಹೆಚ್ಚಾದಂತೆ ದರ ಏರುವ ಸ್ಲ್ಯಾಬ್ ಇದ್ದರೆ ಸ್ಕೂಟರ್ ಮನೆಯ ಬಳಕೆಯ ಮೇಲೆ ಬಂದು ಕೂರುವುದರಿಂದ ಅದಕ್ಕೆ ಬೀಳುವುದು ಕೊನೆಯ, ಮೇಲಿನ ಸ್ಲ್ಯಾಬ್‌ನ ದರ. ಆ ದರವನ್ನೇ ಹಾಕಬೇಕು.

ಅಕ್ಕನದು ಈಗ ದಿನಕ್ಕೆ 1.21 ಯೂನಿಟ್. ತಿಂಗಳಿಗೆ 26 ದಿನ ಓಡುತ್ತದೆ ಅಂದರೆ 31 ಯೂನಿಟ್ ಚಿಲ್ಲರೆ. ರಿಪೇರಿಗೆ ಮುಂಚೆ 38ರ ಹತ್ತಿರ ಇತ್ತು. ನೂರು ಕಿಮೀಗೆ ಹೇಳಬೇಕೆಂದರೆ 3.8ರಿಂದ 3.2ಕ್ಕೆ ಇಳಿಯಿತು. ನಿಮ್ಮ ಮೇಲಿನ ಸ್ಲ್ಯಾಬ್ ದರದಿಂದ ಗುಣಿಸಿಕೊಂಡರೆ ತಿಂಗಳ ಖರ್ಚು ಬಂತು. ರಾತ್ರಿಯಿಡೀ ಪ್ಲಗ್‌ನಲ್ಲೇ ಬಿಟ್ಟರೆ ಏನಾಗುತ್ತದೆ ಅಂತಲೂ ನೋಡಿದೆವು. ಚಾರ್ಜ್ ಮುಗಿದ ಮೇಲೆ ಚಾರ್ಜರ್ 5 ವ್ಯಾಟ್ ಎಳೆಯುತ್ತಿತ್ತು, ಎಂಟು ಗಂಟೆಗೆ 0.04 ಯೂನಿಟ್. ದುಡ್ಡಿನ ದೃಷ್ಟಿಯಿಂದ ತಲೆಕೆಡಿಸಿಕೊಳ್ಳುವಂಥದ್ದಲ್ಲ.

ಆದರೆ ಓಡಿಸುವ ನಿಜವಾದ ಖರ್ಚು ಕರೆಂಟ್ ಒಂದೇ ಅಲ್ಲ, ಸವೆಯುತ್ತಿರುವ ಬ್ಯಾಟರಿಯೂ ಹೌದು. ಇದನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ. ಈ ಬ್ಯಾಟರಿ ಒಟ್ಟು 75,000 ಕಿಮೀ ಕೆಲಸ ಕೊಡುತ್ತದೆ ಅಂದುಕೊಳ್ಳಿ. ಅಷ್ಟು ದೂರಕ್ಕೆ ಬೇಕಾಗುವ ಕರೆಂಟ್ ಸುಮಾರು 2,400 ಯೂನಿಟ್. ಹೊಸ ಬ್ಯಾಟರಿಯ ಬೆಲೆ 2,400 ಯೂನಿಟ್ ಕರೆಂಟಿನ ಬೆಲೆಗಿಂತ ಜಾಸ್ತಿಯಿದ್ದರೆ, ಪ್ರತಿ ಕಿಮೀಗೂ ನೀವು ಕರೆಂಟಿಗಿಂತ ಹೆಚ್ಚನ್ನು ಬ್ಯಾಟರಿ ಸವೆತಕ್ಕೆ ಕೊಡುತ್ತಿದ್ದೀರಿ. ಒಮ್ಮೆ ಎರಡನ್ನೂ ಪಕ್ಕಪಕ್ಕ ಬರೆದು ನೋಡಿ. ಅದಕ್ಕೇ ನಾನು ಅಕ್ಕನಿಗೆ ಯೂನಿಟ್ ಉಳಿಸುವ ಉಪಾಯಕ್ಕಿಂತ ಬ್ಯಾಟರಿ ಉಳಿಸುವ ಉಪಾಯವನ್ನೇ ಜಾಸ್ತಿ ಹೇಳಿದ್ದು.

75,000 ಎಲ್ಲಿಂದ ಬಂತು? ಮೂರು ವರ್ಷಕ್ಕೆ ಹನ್ನೆರಡೂವರೆ ಪರ್ಸೆಂಟ್ ಹೋಗಿದೆ. ಲಿಥಿಯಂ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಮೊದಲಲ್ಲಿ ಸ್ವಲ್ಪ ಬೇಗ ಇಳಿದು ಆಮೇಲೆ ಇಳಿತ ನಿಧಾನವಾಗುತ್ತದೆ. ಇನ್ನು ಮುಂದೆ ವರ್ಷಕ್ಕೆ 4 ಪರ್ಸೆಂಟ್ ಅಂತ ಕಟ್ಟುನಿಟ್ಟಾಗಿ ಹಿಡಿದರೂ 70 ಪರ್ಸೆಂಟ್‌ಗೆ ಬರಲು ನಾಲ್ಕು ವರ್ಷಕ್ಕಿಂತ ಹೆಚ್ಚು ಬೇಕು. ವರ್ಷಕ್ಕೆ 10,000 ಕಿಮೀ ಓಡಿದರೆ ಒಟ್ಟು 75,000ದ ಹತ್ತಿರ ಬರುತ್ತದೆ. ಇದು ಅಂದಾಜು, ಭರವಸೆಯಲ್ಲ. ಕೆಲವು ಬ್ಯಾಟರಿಗಳು ಒಂದು ಹಂತ ದಾಟಿದ ಮೇಲೆ ಏಕಾಏಕಿ ಕುಸಿಯಲು ಶುರುಮಾಡುತ್ತವೆ, ಅದು ಮೊದಲೇ ಹೇಳಿ ಬರುವುದಿಲ್ಲ.

70 ಪರ್ಸೆಂಟ್‌ಗೆ ಬಂದಾಗ ಅಕ್ಕನ 38 ಕಿಮೀ ನಡೆಯುತ್ತದಾ? ಇದು ಅವಳಿಗೆ ಬೇಕಿದ್ದ ನಿಜವಾದ ಉತ್ತರ. ಆಗ ಬಳಕೆಗೆ ಸಿಗುವುದು 1.89 ಯೂನಿಟ್. ಒಳ್ಳೆಯ ದಿನದ 28 ವ್ಯಾಟ್ ಅವರ್ ಹಿಡಿದರೆ 67 ಕಿಮೀ, ಆದರೆ ಒಳ್ಳೆಯ ದಿನ ಹಿಡಿದು ಪ್ಲಾನ್ ಮಾಡಬಾರದು. ಮಳೆ ಬರುತ್ತದೆ, ಹಿಂದೆ ಒಬ್ಬರು ಕೂರುತ್ತಾರೆ, ಚಳಿಯಲ್ಲಿ ಬ್ಯಾಟರಿ ಕಮ್ಮಿ ಕೊಡುತ್ತದೆ. 20 ಪರ್ಸೆಂಟ್ ಹೆಚ್ಚು ತಿನ್ನುತ್ತದೆ ಅಂತ ಹಿಡಿದರೆ 56 ಕಿಮೀ. ಕೊನೆಯ 20 ಪರ್ಸೆಂಟ್ ಮುಟ್ಟುವುದೇ ಬೇಡ ಅಂದರೆ 45. ಅಕ್ಕನಿಗೆ ಬೇಕಾಗಿರುವುದು 38, ಬರುವಾಗ ಅಂಗಡಿಗೆ ಸುತ್ತಿಕೊಂಡು ಬಂದರೆ 42. ಕೆಟ್ಟ ದಿನದಲ್ಲೂ ದಡ ಸೇರುತ್ತದೆ.

ಆ ಕೊನೆಯ 20 ಪರ್ಸೆಂಟ್ ಬಿಡಬೇಕು ಅನ್ನುವುದಕ್ಕೆ ಕಾರಣ ಅವಳಿಗೇ ಗೊತ್ತಿತ್ತು. ಒಂದು ಸಂಜೆ 22 ಪರ್ಸೆಂಟ್ ಇರುವಾಗ ಫ್ಲೈಓವರ್ ಏರುವಾಗ ಸ್ಕೂಟರ್ ಇದ್ದಕ್ಕಿದ್ದಂತೆ ಮಂಕಾಗಿ, ಎಷ್ಟು ಥ್ರಾಟಲ್ ತಿರುಗಿಸಿದರೂ ತೆವಳಿಕೊಂಡು ಹೋಯಿತಂತೆ. ಏರು ಮುಗಿದ ಮೇಲೆ ಮತ್ತೆ ಸರಿಹೋಯಿತು. ಒಳಗಿನ ತಡೆ ಏರಿದ ಬ್ಯಾಟರಿಯಲ್ಲಿ ಹೀಗಾಗುತ್ತದೆ. ಏರಿನಲ್ಲಿ ಒಟ್ಟಿಗೆ ಜಾಸ್ತಿ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಚಾರ್ಜ್ ಕಮ್ಮಿ ಇದ್ದಾಗ ಅದು ಮೊದಲೇ ಕೆಳಗಿರುತ್ತದೆ, ಆಗ ಬಿಎಂಎಸ್ ಸೆಲ್‌ಗಳನ್ನು ಕಾಪಾಡಲು ಪವರ್ ಕಡಿತ ಮಾಡುತ್ತದೆ. ಹಾಗಾಗಿ ವಯಸ್ಸಾದ ಬ್ಯಾಟರಿಯ ಕೊನೆಯ 20, ಹೊಸ ಬ್ಯಾಟರಿಯ ಕೊನೆಯ 20 ಅಲ್ಲ. ಕಿಮೀ ಇದ್ದರೂ ಬಲ ಇರುವುದಿಲ್ಲ. ಆದರೆ 30ರಿಂದ 15ಕ್ಕೆ ಒಂದೇ ನೆಗೆತಕ್ಕೆ ಬೀಳುತ್ತಿದ್ದರೆ ಅದು ಬೇರೆ ವಿಷಯ. ಅಲ್ಲಿ ಸೆಲ್‌ಗಳ ಒಂದು ಗುಂಪು ಉಳಿದವಕ್ಕಿಂತ ಸೊರಗಿರುವ ಸಾಧ್ಯತೆ ಜಾಸ್ತಿ, ಅಂಥದ್ದನ್ನು ವಾರಂಟಿ ಇರುವಾಗಲೇ ತೋರಿಸಿ ಬರೆಸಿಕೊಳ್ಳಬೇಕು. ಅಕ್ಕನದು ಪ್ರತಿ ಹತ್ತಕ್ಕೂ ಒಂದೇ ಸಮನಾಗಿ ಇಳಿಯುತ್ತಿತ್ತು, ಹಾಗಾಗಿ ಆ ಭಯವಿಲ್ಲ.

ಅವಳ ಅಭ್ಯಾಸದಲ್ಲಿ ಬದಲಾಯಿಸಿದ್ದು ಒಂದೇ. ಮೊದಲು ಮನೆಗೆ ಬಂದು ಹೆಲ್ಮೆಟ್ ತೆಗೆಯುವ ಮುಂಚೆಯೇ ಪ್ಲಗ್ ಹಾಕುತ್ತಿದ್ದಳು, ರಾತ್ರಿ ಹತ್ತಕ್ಕೆಲ್ಲ ನೂರಾಗಿ ಬೆಳಗಿನವರೆಗೆ ಹಾಗೇ ಇರುತ್ತಿತ್ತು. ಬಿಸಿ ಬ್ಯಾಟರಿಗೆ ಚಾರ್ಜ್ ಮಾಡುವುದು, ತುಂಬಿದ ಬ್ಯಾಟರಿಯನ್ನು ಗಂಟೆಗಟ್ಟಲೆ ಹಾಗೇ ಇಡುವುದು, ಎರಡೂ ಸೆಲ್‌ಗಳನ್ನು ಬೇಗ ಮುದಿಯಾಗಿಸುತ್ತವೆ. ಈಗ ಆ್ಯಪ್‌ನಲ್ಲಿ 80ಕ್ಕೆ ಮಿತಿ ಹಾಕಿ, ಬೆಳಗಿನ ಜಾವಕ್ಕೆ ಟೈಮರ್ ಇಟ್ಟಿದ್ದಾಳೆ. 80ರಲ್ಲಿ 45 ಕಳೆದರೆ ಸಂಜೆ 35 ಉಳಿಯುತ್ತದೆ, ಅದು ಧಾರಾಳ ಸಾಕು. ವಾರಕ್ಕೊಮ್ಮೆ ಮಾತ್ರ ಪೂರ್ತಿ ನೂರು, ಸೆಲ್‌ಗಳೆಲ್ಲ ಒಂದೇ ಮಟ್ಟಕ್ಕೆ ಬರುವುದು ಮೇಲಿನ ತುದಿಯಲ್ಲೇ ಆದ್ದರಿಂದ. ಅವಳದು ಎನ್ಎಂಸಿ ಅನ್ನುವ ಬಗೆಯ ಲಿಥಿಯಂ ಬ್ಯಾಟರಿ. ಎಲ್ಎಫ್‌ಪಿ ಅನ್ನುವ ಇನ್ನೊಂದು ಬಗೆ ಇರುವವರಿಗೆ ಈ ವಾರದ ನೂರು ಇನ್ನೂ ಮುಖ್ಯ, ಅದರ ವೋಲ್ಟೇಜ್ ನಡುವೆ ಹೆಚ್ಚುಕಮ್ಮಿ ಬದಲಾಗುವುದೇ ಇಲ್ಲವಾದ್ದರಿಂದ ಆಗಾಗ ತುಂಬಿಸದಿದ್ದರೆ ಮೀಟರ್‌ನ ಪರ್ಸೆಂಟೇ ದಾರಿ ತಪ್ಪುತ್ತದೆ.

ಡೈರಿ ಈಗಲೂ ಸ್ಕೂಟರ್‌ನ ಸೀಟ್ ಕೆಳಗಿದೆ. ದಿನಾ ಬರೆಯುವುದನ್ನು ನಿಲ್ಲಿಸಿದ್ದಾಳೆ, ಆರು ತಿಂಗಳಿಗೊಮ್ಮೆ ಐದು ದಿನ ಬರೆಯುತ್ತಾಳೆ. ಮೊದಲ ಪುಟದಲ್ಲಿ ದೊಡ್ಡದಾಗಿ ಎರಡೇ ಅಂಕಿ: 2.36, 28. ಅದರ ಕೆಳಗೆ ಅವಳೇ ಸೇರಿಸಿಕೊಂಡದ್ದು, ಹಿಂದಿನ ಟೈರ್ 36, ಹದಿನೈದು ದಿನಕ್ಕೊಮ್ಮೆ.